ಕತೆ ಕಳುಹಿಸುವ ಮುನ್ನ: ತುಂಡು ವಾಕ್ಯಗಳ ಬಗ್ಗೆ

ಸದಸ್ಯರೇ, ಈ ವಾರದ ಕತೆಗಳನ್ನು ಗುಂಪಿಗೆ ಹಾಕುವ ಮುನ್ನ ನಿಮ್ಮ ಪೂರ್ಣವಿರಾಮಗಳನ್ನು ದಯವಿಟ್ಟು ಒಮ್ಮೆ ನೋಡಿಕೊಳ್ಳಿ.

‘ರಾತ್ರಿಯಿಡೀ ಮಳೆ ಸುರಿದದ್ದರಿಂದ. ಸೇತುವೆ ಮುಳುಗಿತ್ತು.’ ಇದರಲ್ಲಿ ಮೊದಲ ತುಂಡು ತಪ್ಪು. ಕಾರಣ ಹೇಳಿ, ಪರಿಣಾಮ ಬರುವ ಮೊದಲೇ ಚುಕ್ಕೆ ಇಟ್ಟಿದ್ದೇವೆ. ಓದುಗರು ಎಡವುತ್ತಾರೆ, ಎಡವಿದ್ದಕ್ಕೆ ಏನೂ ದಕ್ಕುವುದಿಲ್ಲ. ಚುಕ್ಕೆ ತೆಗೆದರೆ ಸಾಕು. ‘ಹೋಗಿ’, ‘ಬಂದಾಗ’, ‘ಕೇಳಿದರೆ’ ಎಂಬಂಥ ರೂಪಗಳಲ್ಲಿ ವಾಕ್ಯ ನಿಂತಿದ್ದರೂ ಹೀಗೆಯೇ ಪರೀಕ್ಷಿಸಿ: ಅದರ ಉಳಿದರ್ಧ ಮುಂದಿನ ವಾಕ್ಯದಲ್ಲಿದ್ದರೆ ಎರಡನ್ನೂ ಕೂಡಿಸಿ.

ಇನ್ನು ಇದನ್ನು ನೋಡಿ: ‘ಅವಳು ಬಾಗಿಲು ತಳ್ಳಿದಳು. ಕತ್ತಲೆ. ಮೂಲೆಯಿಂದ ಯಾರದೋ ಕೆಮ್ಮು.’ ಕೊನೆಯ ಎರಡು ತುಂಡುಗಳಲ್ಲಿ ಕ್ರಿಯಾಪದವಿಲ್ಲ, ಆದರೂ ತಿದ್ದಬೇಡಿ. ಎಲ್ಲಿ, ಯಾರು ಎಂಬುದನ್ನು ಮೊದಲ ವಾಕ್ಯವೇ ಹೇಳಿರುವುದರಿಂದ ಗೊಂದಲವಿಲ್ಲ. ಅವಳಿಗೆ ಅರಿವಾದ ಕ್ರಮದಲ್ಲಿಯೇ ನಮಗೂ ಅರಿವಾಗುತ್ತದೆ. ‘ಒಳಗೆ ಕತ್ತಲೆಯಿತ್ತು, ಮೂಲೆಯಿಂದ ಯಾರೋ ಕೆಮ್ಮಿದ್ದು ಕೇಳಿಸಿತು’ ಎಂದು ತುಂಬಿಸಿದರೆ ದಿಗಿಲು ಹೋಗಿ ವರದಿ ಉಳಿಯುತ್ತದೆ. ಆದರೆ ಪ್ರತಿ ಪ್ಯಾರಾದಲ್ಲಿಯೂ ಹೀಗೆ ತುಂಡುಗಳಲ್ಲಿ ಬರೆದರೆ ಯಾವ ಕತ್ತಲೆಯೂ ಯಾರನ್ನೂ ಬೆಚ್ಚಿಸದು.

‘ಅವರು ನಮ್ಮೂರಿನ ವೈದ್ಯರು’ ಎಂಬುದು ತುಂಡಲ್ಲ. ಕನ್ನಡದಲ್ಲಿ ಅದು ಪೂರ್ಣ ವಾಕ್ಯ. ಅದಕ್ಕೆ ‘ಆಗಿದ್ದಾರೆ’ ಎಂದು ಬಾಲ ಅಂಟಿಸಬೇಡಿ.