ಪ್ರಬಂಧದ ಪದಬದಲಾವಣೆ: ಶನಿವಾರದೊಳಗೆ ಕಳುಹಿಸಿ

ಎಲ್ಲರಿಗೂ ನಮಸ್ಕಾರ. ಭಾನುವಾರದ ತಿದ್ದುವಿಕೆಗೆ ಪ್ರಬಂಧ ಕೊಡುವವರು ಶನಿವಾರ ರಾತ್ರಿ 8ರೊಳಗೆ ಒಂದು ಪ್ಯಾರಾ ಇಲ್ಲಿ ಹಾಕಿ.

ಈ ಸಲ ‘ಮಾಡು’ ಒಂದನ್ನೇ ನೋಡೋಣ. ಪ್ಯಾರಾದಲ್ಲಿ ಅದು ಬಂದಲ್ಲೆಲ್ಲ ಗೆರೆ ಎಳೆಯಿರಿ. ಮೂರಕ್ಕಿಂತ ಹೆಚ್ಚಿದ್ದರೆ ಮಾತ್ರ ಬದಲಿಸಿ.

ಸಮಾನಾರ್ಥಕ ಕೋಶದಲ್ಲಿ ‘ಎಸಗು’, ‘ಗೈ’ ಸಿಗುತ್ತವೆ. ಆದರೆ ‘ನೆರೆಯವರು ಸಹಾಯ ಎಸಗಿದರು’ ಎಂದರೆ ಕಿವಿಗೆ ಚುಚ್ಚುತ್ತದೆ, ಏಕೆಂದರೆ ಇಂದಿನ ಬರಹದಲ್ಲಿ ‘ಎಸಗು’ ಹೆಚ್ಚಾಗಿ ದ್ರೋಹ, ಅಪರಾಧ, ಅನ್ಯಾಯಗಳ ಜೊತೆ ಬರುತ್ತದೆ. ಕೋಶ ಅರ್ಥ ಕೊಡುತ್ತದೆ, ಪದದ ಒಡನಾಟವನ್ನು ಹೇಳುವುದಿಲ್ಲ. ‘ಸಹಾಯಗೈದರು’ ತಪ್ಪಲ್ಲ, ಆದರೆ ಸನ್ಮಾನಪತ್ರದ ಧಾಟಿ.

ಕ್ರಿಯಾಪದವನ್ನಷ್ಟೇ ಬದಲಿಸುವ ಬದಲು ಜೋಡಿಯನ್ನೇ ಕರಗಿಸಿ: ‘ಸಹಾಯ ಮಾಡಿದರು’ ಎಂಬುದು ‘ನೆರವಾದರು’, ‘ತೀರ್ಮಾನ ಮಾಡಿದರು’ ಎಂಬುದು ‘ತೀರ್ಮಾನಿಸಿದರು’. ‘ಊಟ ಮಾಡಿದರು’ ಹಾಗೇ ಇರಲಿ, ‘ಭೋಜನ ಸ್ವೀಕರಿಸಿದರು’ ಬೇಡವೇ ಬೇಡ!

ಹೊಸ ಪದ ಹಾಕುವ ಮುನ್ನ ಅದನ್ನು ಓದಿದ ಎರಡು ವಾಕ್ಯ ನೆನಪಿಸಿಕೊಳ್ಳಿ. ನೆನಪಾಗದಿದ್ದರೆ ಹಳೆಯದೇ ಉಳಿಯಲಿ.

ಹಳೆಯ ಮತ್ತು ಹೊಸ ವಾಕ್ಯ ಎರಡನ್ನೂ ಕಳುಹಿಸಿ. ಯಾರು ಕೊಡುತ್ತೀರಿ, ಇವತ್ತೇ ತಿಳಿಸಿ.