ಕನ್ನಡ ಧ್ವನಿ ಹಾಕಿದರೆ ಚೆಕ್‌ಬಾಕ್ಸ್ ಮೂಕವಾಗುತ್ತದೆ: ಸ್ಕ್ರೀನ್ ರೀಡರ್ ಕಂಪನಿಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಮೆನು ಭಾಷೆ ಇಂಗ್ಲಿಷ್, ಓದುವ ಧ್ವನಿ ಕನ್ನಡ ಇದ್ದಾಗ ತಂತ್ರಾಂಶದ ಸೂಚನೆಗಳು ಕೇಳಿಸದಿರುವ ಬಗ್ಗೆ

ಮಾನ್ಯರೇ,

ನನಗೆ ಕಣ್ಣು ಕಾಣುವುದಿಲ್ಲ. ನಿಮ್ಮ ಸ್ಕ್ರೀನ್ ರೀಡರನ್ನು ಹಣ ಕೊಟ್ಟು ಬಳಸುತ್ತಿದ್ದೇನೆ. ಮೆನುಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದೇನೆ, ನಿಮ್ಮ ಸಹಾಯ ಪುಟಗಳಿರುವುದು ಅದೇ ಭಾಷೆಯಲ್ಲಿ. ದಿನವಿಡೀ ಓದುವುದು ಕನ್ನಡವಾದ್ದರಿಂದ ಧ್ವನಿ ಕನ್ನಡದ್ದು. ಈ ಎರಡು ಭಾಷೆಗಳು ಬೇರೆಯಾದರೆ ನಿಮ್ಮ ತಂತ್ರಾಂಶ ಪುಟದ ಬರಹವನ್ನು ಓದುತ್ತದೆ, ತಾನು ಹೇಳಬೇಕಾದ ಮಾತನ್ನು ನುಂಗಿಬಿಡುತ್ತದೆ.

ನೀವೇ ಪರೀಕ್ಷಿಸಲು ಈ ಚಿಕ್ಕ ಪುಟ ಸಾಕು:

```html
<html lang="kn">
<label><input type="checkbox"> ಷರತ್ತುಗಳಿಗೆ ಒಪ್ಪಿಗೆ ಇದೆ</label>
```

ಚೆಕ್‌ಬಾಕ್ಸಿನ ಮೇಲೆ ಬಂದಾಗ ನನಗೆ ಕೇಳುವುದು "ಷರತ್ತುಗಳಿಗೆ ಒಪ್ಪಿಗೆ ಇದೆ" ಅಷ್ಟೇ. ಅದು ಚೆಕ್‌ಬಾಕ್ಸ್ ಎಂಬುದೂ, ಗುರುತು ಬಿದ್ದಿದೆಯೋ ಇಲ್ಲವೋ ಎಂಬುದೂ ಕೇಳಿಸುವುದಿಲ್ಲ. ಸ್ಪೇಸ್ ಒತ್ತಿದರೆ ಮೌನ, ಮತ್ತೆ ಒತ್ತಿದರೂ ಮೌನ. ಕೇಳಿದ್ದನ್ನಷ್ಟೇ ನಂಬಿದರೆ ಒಪ್ಪಿಗೆ ಆಗಲೇ ಕೊಟ್ಟಾಗಿದೆ ಎಂದುಕೊಳ್ಳಬೇಕು!

ದೋಷ ಪುಟದ್ದಲ್ಲ. ಮಾತನಾಡಿದ್ದನ್ನೆಲ್ಲ ಬರಹದಲ್ಲಿ ತೋರಿಸುವ ನಿಮ್ಮ ಸ್ಪೀಚ್ ಲಾಗನ್ನು ಇಂಗ್ಲಿಷ್ ಧ್ವನಿ ಹಾಕಿ ಓದಿಸಿ ನೋಡಿದೆ. ಅದರಲ್ಲಿ `check box not checked` ಎಂದು ಇಂಗ್ಲಿಷಿನಲ್ಲಿ ಸರಿಯಾಗಿಯೇ ಇದೆ. ಅಂದರೆ ತಂತ್ರಾಂಶಕ್ಕೆ ಸ್ಥಿತಿ ಗೊತ್ತಾಗಿದೆ, ಮಾತನ್ನು ಧ್ವನಿಗೆ ಕಳಿಸಿಯೂ ಇದೆ. ಆದರೆ ಇದು ಇಂಗ್ಲಿಷ್ ಎಂಬ ಗುರುತು ಹಚ್ಚದೆ ಕನ್ನಡ ಧ್ವನಿಯ ಕೈಗೇ ಕೊಟ್ಟಿದೆ. ನನ್ನ ಕನ್ನಡ ಧ್ವನಿಗೆ ರೋಮನ್ ಅಕ್ಷರ ತಿಳಿಯದು, ಎದುರಾದರೆ ಬಿಟ್ಟು ಮುಂದೆ ಹೋಗುತ್ತದೆ. ಇಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶ ಹಾಗಲ್ಲ, ಕನ್ನಡದ ನಡುವೆ ರೋಮನ್ ಅಕ್ಷರ ಬಂದರೆ ತಾನೇ ಇಂಗ್ಲಿಷ್ ಉಚ್ಚಾರಣೆಗೆ ಹೊರಳುತ್ತದೆ. ನಿಮ್ಮ ಪರೀಕ್ಷಕರು ಅಂಥ ಧ್ವನಿಯನ್ನಷ್ಟೇ ಬಳಸಿ ನೋಡಿದ್ದರೆ ಈ ದೋಷ ಅವರ ಕಿವಿಗೆ ಬಿದ್ದಿರಲಾರದು.

ನಿಮ್ಮ ಸಹಾಯವಾಣಿಯವರು ಎರಡು ಸಲಹೆ ಕೊಟ್ಟರು. ಮೊದಲನೆಯದು, ಮೆನು ಭಾಷೆಯನ್ನೂ ಕನ್ನಡ ಮಾಡಿಕೊಳ್ಳಿ ಎಂಬುದು. ಮಾಡಿ ನೋಡಿದೆ. ನಿಮ್ಮ ಕನ್ನಡ ಅನುವಾದ ಪೂರ್ತಿಯಾಗಿಲ್ಲ. ಅನುವಾದವಾಗದ ಸಾಲುಗಳು ಇಂಗ್ಲಿಷಿನಲ್ಲೇ ಬರುತ್ತವೆ. ಹಾಗಾಗಿ ಬಟನ್ ಎಂಬುದು ಕೇಳಿಸುತ್ತದೆ, ಪಟ್ಟಿ ತೆರೆದಿದೆಯೋ ಮುಚ್ಚಿದೆಯೋ ಕೇಳಿಸುವುದಿಲ್ಲ. ಎಲ್ಲೆಲ್ಲಿ ಮೌನ ಕಾದಿದೆ ಎಂದು ಊಹಿಸಲೂ ಆಗದ ಈ ಸ್ಥಿತಿ ಮೊದಲಿನದಕ್ಕಿಂತ ಕೆಟ್ಟದ್ದು.

ಎರಡನೆಯದು, ಭಾಷೆಯನ್ನು ತಾನಾಗಿ ಬದಲಿಸುವ ಆಯ್ಕೆಯನ್ನು ಆನ್ ಮಾಡಿ ಎಂಬುದು. ಆ ಆಯ್ಕೆ ನೋಡುವುದು ಪುಟದಲ್ಲಿರುವ `lang` ಗುರುತನ್ನು ಮಾತ್ರ. ಮೇಲಿನ ಪುಟದಲ್ಲಿ ಅದು `kn` ಎಂದೇ ಇದೆ, ಹಾಗಾಗಿ ನಿಮ್ಮ ಇಂಗ್ಲಿಷ್ ಸೂಚನೆಯೂ ಕನ್ನಡ ಧ್ವನಿಗೇ ಹೋಗುತ್ತದೆ, ಏನೂ ಬದಲಾಗುವುದಿಲ್ಲ. ಇನ್ನು ಕನ್ನಡ ಬರಹಕ್ಕೆ `lang="en"` ಎಂದು ತಪ್ಪು ಗುರುತು ಹಾಕಿದ ಪುಟಗಳೂ ಇವೆ. ಅಲ್ಲಿ ಆಯ್ಕೆ ಆನ್ ಇದ್ದರೆ ಇಂಗ್ಲಿಷ್ ಧ್ವನಿ ಬಂದು ಕನ್ನಡವೇ ಮಾಯವಾಗುತ್ತದೆ. ಆಫ್ ಮಾಡಿದರೆ ಬರಹವಾದರೂ ದಕ್ಕುತ್ತದೆ ಎಂದು ಆಫ್ ಇಟ್ಟುಕೊಂಡಿದ್ದೇನೆ.

ಪುಟದ ಭಾಷೆ ಯಾವುದೆಂದು ನಿಮಗೆ ತಿಳಿಯದೆ ಹೋಗಬಹುದು, ಒಪ್ಪುತ್ತೇನೆ. ನಿಮ್ಮದೇ ಸೂಚನೆಯ ಭಾಷೆ ಯಾವುದೆಂದು ನಿಮಗೆ ತಿಳಿಯದೇ? ಮೆನು ಭಾಷೆಯನ್ನು ಆರಿಸಿದ್ದು ನಿಮ್ಮ ಸೆಟ್ಟಿಂಗ್‌ನಲ್ಲೇ. ಪುಟದೊಳಗೆ ಬೇರೆ ಭಾಷೆಯ ಭಾಗ ಬಂದರೆ ಅದಕ್ಕೆ ಗುರುತು ಹಾಕಿ ಎಂದು ಅಂಗವಿಕಲರಿಗೂ ವೆಬ್ ಪುಟಗಳು ಎಟುಕುವಂತೆ ಮಾಡುವ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿಯ 3.1.2 ಪುಟ ಮಾಡುವವರಿಗೆ ಹೇಳುತ್ತದೆ. ಆ ಗುರುತನ್ನು ನೆಚ್ಚಿಕೊಂಡ ನೀವು ನಿಮ್ಮ ಮಾತಿಗೆ ಮಾತ್ರ ಅದನ್ನು ಹಾಕುವುದಿಲ್ಲ.

ಚಿಹ್ನೆಗಳ ಪಾಡೂ ಇದೇ. ಇಮೇಲ್ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಓದಿಸಿದರೆ ರೋಮನ್ ಅಕ್ಷರಗಳ ಜೊತೆಗೆ ಅಂಡರ್‌ಸ್ಕೋರ್, ಡಾಟ್ ಕೂಡ ಮೌನ. ಚಿಹ್ನೆಯ ಹೆಸರನ್ನು ಧ್ವನಿಯ ಭಾಷೆಯಿಂದ ತೆಗೆದುಕೊಳ್ಳಬೇಕೋ ಮೆನು ಭಾಷೆಯಿಂದಲೋ ಎಂದು ಆರಿಸಲು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನಲ್ಲಿ ಒಂದು ಆಯ್ಕೆ ಇದೆ, ಅದೂ ಉಚಿತ ತಂತ್ರಾಂಶದಲ್ಲಿ.

ನನ್ನ ಬೇಡಿಕೆ ಇಷ್ಟು. ತಂತ್ರಾಂಶದ ಪ್ರತಿ ಸೂಚನೆಯನ್ನೂ ಅದರ ಭಾಷೆಯ ಗುರುತಿನೊಂದಿಗೆ ಧ್ವನಿಗೆ ಕಳಿಸಿ. ಅನುವಾದವಾಗದೆ ಇಂಗ್ಲಿಷಿನಲ್ಲಿ ಉಳಿದ ಸಾಲಿಗೆ ಇಂಗ್ಲಿಷ್ ಗುರುತೇ ಇರಲಿ. ಸೂಚನೆಗಳಿಗೆ ಬೇರೆ ಧ್ವನಿಯನ್ನು, ಅದರ ವೇಗವನ್ನು ಆರಿಸಲು ಸೆಟ್ಟಿಂಗ್ ಕೊಡಿ, ಧ್ವನಿ ಬದಲಾಗುವಾಗ ತುಸು ತಡವಾದರೂ ಚಿಂತೆಯಿಲ್ಲ. ಅದು ಬರುವವರೆಗೆ ಚೆಕ್‌ಬಾಕ್ಸಿಗೆ ಗುರುತು ಬಿದ್ದಾಗ ಒಂದು, ತೆಗೆದಾಗ ಇನ್ನೊಂದು ಸದ್ದಾದರೂ ಬರಲಿ. ಇದನ್ನು ಯಾವ ಆವೃತ್ತಿಯಲ್ಲಿ ಸರಿಪಡಿಸುತ್ತೀರಿ ಎಂದು ಲಿಖಿತವಾಗಿ ತಿಳಿಸಿ. ಸರಿಪಡಿಸುವ ಉದ್ದೇಶ ಇಲ್ಲದಿದ್ದರೆ ಪರವಾನಗಿಯ ಉಳಿದ ಅವಧಿಯ ಹಣ ವಾಪಸ್ ಮಾಡಿ. ಸ್ಪೀಚ್ ಲಾಗ್ ಮತ್ತು ಪರೀಕ್ಷಾ ಪುಟವನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ