ಮಲ್ಲಿಕಾರ್ಜುನನಿಗೆ, ಪ್ರಶ್ನೆಗೆ ಮೊದಲಿನ ಮಾತಿನ ಕುರಿತು

ಪ್ರಿಯ ಮಲ್ಲಿಕಾರ್ಜುನ,

ಕಳೆದ ವಾರ ಕಲಬುರಗಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕರ ಆಯ್ಕೆಗೆ ಮೂವರು ಸಂದರ್ಶಕರು ಕುಳಿತಿದ್ದೆವು. ಬಂದವರನ್ನು ಮಾತಾಡಿಸಿ ಅವರ ಅಂಜಿಕೆ ಬಿಡಿಸುವ ಕೆಲಸ ನನ್ನದು. ಅದು ನನಗೆ ಚೆನ್ನಾಗಿ ಬರುತ್ತದೆಂದು ನೀನೂ ಹೇಳುತ್ತಿದ್ದೆ.

ಬೆಳಿಗ್ಗೆ ಬಂದ ಹುಡುಗ ನಮ್ಮ ಆಳಂದದವನು. ಊರು, ಬಸ್ಸು, ತೊಗರಿ ಬೆಳೆ ಎಂದು ಐದು ನಿಮಿಷ ಹರಟಿದೆ; ಮೊದಲ ಪ್ರಶ್ನೆ ಬರುವಷ್ಟರಲ್ಲಿ ಅವನು ಮನೆಯಲ್ಲಿದ್ದಂತೆ ಕುಳಿತಿದ್ದ. ಮಧ್ಯಾಹ್ನ ಸುರಪುರದಿಂದ ಬಂದ ಹುಡುಗಿಗೆ, ಹೊತ್ತು ಮೀರಿದ್ದರಿಂದ, "ಅಂಜಬ್ಯಾಡ್ರಿ, ಆರಾಮ ಕೂಡ್ರಿ" ಎಂದಷ್ಟೇ ಹೇಳಿ ನೇರವಾಗಿ ಪ್ರಶ್ನೆಗಿಳಿದೆ. ಅಂಜಿಕೆ ನಮಗೆ ಕಂಡಿದೆಯೆಂದು ಗೊತ್ತಾದ ಮೇಲೆ ಅವಳ ಅಂಜಿಕೆ ಇಮ್ಮಡಿಸಿತು. ನೀರಿನ ಲೋಟವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ನಾನು ಪೆನ್ನು ಎತ್ತಿದಾಗಲೆಲ್ಲ, ತಪ್ಪು ಹೇಳಿದೆನೇನೋ ಎಂಬಂತೆ ಮಾತು ನಿಲ್ಲಿಸುತ್ತಿದ್ದಳು. ಗಂಧಕಾಮ್ಲವನ್ನು ತೆಳು ಮಾಡುವುದು ಹೇಗೆಂದು ಕೇಳಿದಾಗ, ಆಮ್ಲಕ್ಕೆ ನೀರು ಹಾಕಬೇಕೆಂದಳು. ಹೊರಡುವ ಮುನ್ನ ಬಾಗಿಲ ಬಳಿ ನಿಂತು, "ಸರ್, ನೀರಿಗೆ ಆಮ್ಲ ಹಾಕಬೇಕ್ರಿ, ಇಲ್ಲಂದ್ರ ಕಾವು ಒಮ್ಮೆಲೇ ಎದ್ದು ಸಿಡೀತದ" ಎಂದಳು.

ಅವಳಿಗೆ ವಿಷಯ ಗೊತ್ತಿತ್ತು. ನಾನು ಅದಾಗಲೇ ಅಂಕ ಬರೆದಿದ್ದೆ, ಬದಲಿಸಲಿಲ್ಲ. ಉಳಿದಿಬ್ಬರಿಗೂ ಏನೂ ಹೇಳದೆ ಪಟ್ಟಿಗೆ ಸಹಿ ಹಾಕಿದೆ. ಇದನ್ನು ಈ ಬಹಿರಂಗ ಪತ್ರದಲ್ಲಿ ಇಷ್ಟು ಜನರ ಮುಂದೆ ಬರೆಯಬೇಕೆಂದು ಕುಳಿತಿರಲಿಲ್ಲ, ಬರೆದುಬಿಟ್ಟೆ. ನನ್ನ ಆತ್ಮೀಯತೆ ಒಬ್ಬನಿಗೆ ಐದು ನಿಮಿಷದ ಮುನ್ನಡೆಯಾಗಿತ್ತು ಎಂಬುದೇ ನನ್ನನ್ನು ಕಾಡುತ್ತಿದೆ.

ಈಗ ಸ್ವಾಗತದ ಮಾತನ್ನು ಒಂದು ಕಾರ್ಡಿನ ಮೇಲೆ ಬರೆದಿಟ್ಟಿದ್ದೇನೆ. ಓದಲು ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಅಂಜಿದವರ ಕಿವಿಗೆ ಉದ್ದದ ಮಾತು ಇಳಿಯುವುದಿಲ್ಲ. "ನಮಸ್ಕಾರ, ನಾವು ಮೂವರು ಇಂಥವರು. ಇಪ್ಪತ್ತು ನಿಮಿಷ, ಆರು ಪ್ರಶ್ನೆ, ಎಲ್ಲರಿಗೂ ಇವೇ. ನೀವು ಹೇಳಿದ್ದನ್ನು ಮರೆಯಬಾರದೆಂದು ನಾವು ಬರೆದುಕೊಳ್ಳುತ್ತಿರುತ್ತೇವೆ, ಉತ್ತರ ಸರಿಯಿದ್ದರೂ ಬರೆಯುತ್ತೇವೆ. ಪ್ರಶ್ನೆಯನ್ನು ಮತ್ತೆ ಕೇಳಬಹುದು, ಯೋಚಿಸಲು ಸಮಯ ತೆಗೆದುಕೊಳ್ಳಬಹುದು, ಹೇಳಿದ್ದನ್ನು ಕೊನೆಯವರೆಗೂ ತಿದ್ದಬಹುದು." ತಿದ್ದಬಹುದು ಎಂದ ಮೇಲೆ ಅಂಕವನ್ನೂ ಕೊನೆಗೇ ಹಾಕಬೇಕು. ಊರು, ಮನೆತನದ ವಿಚಾರಣೆ ಪೂರ್ತಿ ಬಿಟ್ಟಿದ್ದೇನೆ. "ನಿಮ್ಮ ಬಗ್ಗೆ ಹೇಳಿ" ಎಂಬುದು ಸುಲಭದ ಪ್ರಶ್ನೆಯಂತೆ ಕಂಡರೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಜನ ತಡವರಿಸುತ್ತಾರೆ. ಅದರ ಬದಲು, "ನೀವು ಕಲಿತ ಪ್ರಯೋಗಾಲಯದಲ್ಲಿ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮೊದಲು ಏನು ಮಾಡುತ್ತಿದ್ದರು?" ಎಂದು ಕೇಳುತ್ತೇನೆ. ಕಣ್ಣಾರೆ ಕಂಡದ್ದನ್ನು ಹೇಳುವಾಗ ದನಿ ತಾನಾಗಿಯೇ ದಾರಿಗೆ ಬರುತ್ತದೆ.

ನಾಳೆ ಆ ಇಬ್ಬರು ಸದಸ್ಯರನ್ನು ಕಂಡು ಹುಡುಗಿಯ ವಿಷಯ ಹೇಳುವವನಿದ್ದೇನೆ. ಅದಿರಲಿ, ಶರಣಬಸವೇಶ್ವರರ ಜಾತ್ರೆಗೆ ಬರುವುದನ್ನು ಮಾತ್ರ ಮರೆಯಬೇಡ.

ನಿನ್ನ,
ಬಸು